ಎಲ್‌ಡಿಎಲ್ ನಾರ್ಮಲ್ ಇದೆ, ಆದರೂ ರಿಪೋರ್ಟ್ ಸರಿಯಿಲ್ವಾ?

ಪ್ರಶ್ನೆ: ಡಾಕ್ಟರೇ, ನನಗೆ 43 ವರ್ಷ. ಬಟ್ಟೆ ಅಂಗಡಿ ಇದೆ, ದಿನವಿಡೀ ಕೂತೇ ಇರ್ತೀನಿ, ಹೊಟ್ಟೆ ಬಂದಿದೆ. ಒಟ್ಟು ಕೊಲೆಸ್ಟ್ರಾಲ್ 204, ಟ್ರೈಗ್ಲಿಸರೈಡ್ 310, ಎಚ್‌ಡಿಎಲ್ 34, ಎಲ್‌ಡಿಎಲ್ 108. ಎಲ್‌ಡಿಎಲ್ ನಾರ್ಮಲ್ ಅಂತ ಲ್ಯಾಬಿನವರು ಹೇಳಿದ್ರು. ಎಣ್ಣೆ, ಮೊಟ್ಟೆ ಬಿಟ್ಟಿದ್ದೀನಿ. ದಿನಕ್ಕೆ ಏಳು ಟೀ ಆಗುತ್ತೆ, ಎರಡೆರಡು ಚಮಚ ಸಕ್ಕರೆ. ಶನಿವಾರ ಎರಡು ಮೂರು ಪೆಗ್. ಟ್ರೈಗ್ಲಿಸರೈಡ್‌ಗೆ ಫೆನೋಫೈಬ್ರೇಟ್ ತಗೋ ಅಂತಾನೆ ಸ್ನೇಹಿತ. ಮೊದಲು ಯಾವುದನ್ನು ಸರಿ ಮಾಡ್ಲಿ?

ಉತ್ತರ: ಮೊದಲು ಆ 108 ಎಲ್ಲಿಂದ ಬಂತು ಅಂತ ನೋಡೋಣ. ನಿಮ್ಮ ಲ್ಯಾಬ್ ಅದನ್ನು ಅಳೆದಿಲ್ಲ, ಲೆಕ್ಕ ಹಾಕಿದೆ. ಟ್ರೈಗ್ಲಿಸರೈಡನ್ನು 5ರಿಂದ ಭಾಗಿಸಿದರೆ 62. 204ರಲ್ಲಿ ಎಚ್‌ಡಿಎಲ್ 34 ಕಳೆದು, ಈ 62ನ್ನೂ ಕಳೆದರೆ ಸರಿಯಾಗಿ 108. ಟ್ರೈಗ್ಲಿಸರೈಡ್ ಏರಿದಷ್ಟೂ ಈ ಲೆಕ್ಕ ಎಲ್‌ಡಿಎಲ್ ಅನ್ನು ಕಡಿಮೆ ತೋರಿಸುತ್ತದೆ. 400 ದಾಟಿದರೆ ಈ ಲೆಕ್ಕವನ್ನು ನಂಬುವ ಹಾಗೇ ಇಲ್ಲ.

ಅದಕ್ಕೆ ನೀವು ನೋಡಬೇಕಾದದ್ದು ನಾನ್-ಎಚ್‌ಡಿಎಲ್. ಒಟ್ಟು ಕೊಲೆಸ್ಟ್ರಾಲ್‌ನಿಂದ ಎಚ್‌ಡಿಎಲ್ ಕಳೆಯಿರಿ, ಅಷ್ಟೇ. ನಿಮ್ಮದು 170. ಇದಕ್ಕೆ ಉಪವಾಸವೂ ಬೇಕಿಲ್ಲ. ಕಾರ್ಡಿಯಾಲಜಿಕಲ್ ಸೊಸೈಟಿ ಆಫ್ ಇಂಡಿಯಾ 2024ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ, ಹೆಚ್ಚು ಅಪಾಯ ಇಲ್ಲದವರಿಗೂ ಎಲ್‌ಡಿಎಲ್ 100ಕ್ಕಿಂತ, ನಾನ್-ಎಚ್‌ಡಿಎಲ್ 130ಕ್ಕಿಂತ ಕೆಳಗಿರಬೇಕು ಅಂತಿದೆ. ಎಲ್‌ಡಿಎಲ್ ಲೆಕ್ಕದಲ್ಲಿ ನೀವು 8 ಮೇಲಿದ್ದೀರಿ, ನಾನ್-ಎಚ್‌ಡಿಎಲ್ ಲೆಕ್ಕದಲ್ಲಿ 40! ಒಂದೇ ರಕ್ತ, ಒಂದೇ ರಿಪೋರ್ಟ್.

ಇಷ್ಟು ವ್ಯತ್ಯಾಸ ಯಾಕೆ ಅಂದರೆ, ಸಕ್ಕರೆ, ಅನ್ನ, ಮದ್ಯ ಜಾಸ್ತಿಯಾದಾಗ ಲಿವರ್ ಅದರಲ್ಲಿ ಒಂದಷ್ಟನ್ನು ಟ್ರೈಗ್ಲಿಸರೈಡ್ ಅನ್ನೋ ಕೊಬ್ಬಾಗಿಸಿ, ವಿಎಲ್‌ಡಿಎಲ್ ಅನ್ನೋ ಕಣಗಳಲ್ಲಿ ತುಂಬಿ ರಕ್ತಕ್ಕೆ ಬಿಡುತ್ತದೆ. ಕೊಬ್ಬು ಇಳಿಸಿದ ಮೇಲೆ ಉಳಿಯುವ ಕಣಗಳಲ್ಲೂ ಕೊಲೆಸ್ಟ್ರಾಲ್ ಇರುತ್ತದೆ, ಅವೂ ರಕ್ತನಾಳದ ಗೋಡೆಯೊಳಗೆ ನುಗ್ಗುತ್ತವೆ. ಎಲ್‌ಡಿಎಲ್ ಅಂಕಿ ಇವನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಜೊತೆಗೆ ಇಂಥವರಲ್ಲಿ ಎಲ್‌ಡಿಎಲ್ ಕಣಗಳೂ ಚಿಕ್ಕದಾಗುತ್ತವೆ. ಒಂದು ಕ್ವಿಂಟಲ್ ಅಕ್ಕಿಯನ್ನು 50 ಕಿಲೋ ಮೂಟೆಗೆ ತುಂಬಿದರೆ ಎರಡೇ ಮೂಟೆ, 10 ಕಿಲೋ ಚೀಲಕ್ಕೆ ತುಂಬಿದರೆ ಹತ್ತು. ರಿಪೋರ್ಟ್ ಅಕ್ಕಿ ತೂಗುತ್ತದೆ, ನಾಳಕ್ಕೆ ಪೆಟ್ಟು ಕೊಡೋದು ಚೀಲಗಳ ಸಂಖ್ಯೆ.

ಈಗ ಮೊದಲು ಏನು ಮಾಡಬೇಕು ಅನ್ನೋದು. ನಿಮ್ಮ ಟ್ರೈಗ್ಲಿಸರೈಡ್ 500 ದಾಟಿದ್ದರೆ ನಾನು ಅದನ್ನೇ ಮೊದಲು ಇಳಿಸಿ ಅನ್ನುತ್ತಿದ್ದೆ, ಯಾಕೆಂದರೆ ಅಲ್ಲಿಂದ ಮೇಲೆ ಪ್ಯಾಂಕ್ರಿಯಾಸ್ ಊದಿಕೊಳ್ಳುವ ಭಯ ಶುರು. ಸಾವಿರ ದಾಟಿದವರ ರಕ್ತವನ್ನು ಟ್ಯೂಬಿನಲ್ಲಿ ನಿಲ್ಲಿಸಿಟ್ಟರೆ ಮೇಲೆ ಹಾಲಿನಂಥ ಬಿಳಿ ಕಾಣುತ್ತದೆ. ಅಂಥವರಿಗೆ ಫೆನೋಫೈಬ್ರೇಟ್ ಸರಿ. 310ಕ್ಕೆ ಅದರಿಂದ ಶುರು ಮಾಡಬೇಡಿ. 2022ರಲ್ಲಿ ಬಂದ ಪ್ರಾಮಿನೆಂಟ್ ಅಧ್ಯಯನದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಸಕ್ಕರೆ ಕಾಯಿಲೆಯವರಲ್ಲಿ ಅರ್ಧದಷ್ಟು ಜನರಿಗೆ ಇದೇ ಜಾತಿಯ ಪೆಮಾಫೈಬ್ರೇಟ್ ಮಾತ್ರೆ ಕೊಟ್ಟು ನೋಡಿದರು. ಟ್ರೈಗ್ಲಿಸರೈಡ್ ಇಳಿಯಿತು, ಹಾರ್ಟ್ ಅಟ್ಯಾಕ್ ಮಾತ್ರ ಕಡಿಮೆಯಾಗಲಿಲ್ಲ. ಎಚ್‌ಡಿಎಲ್ ಏರಿಸೋ ಮಾತ್ರೆಗಳದ್ದೂ ಹೆಚ್ಚು ಕಡಿಮೆ ಇದೇ ಕಥೆ, 34ರ ಹಿಂದೆ ಬೀಳಬೇಡಿ.

ನೀವು ಈ ವಾರವೇ ಮಾಡಿಸಬೇಕಾದ್ದು ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ, ಥೈರಾಯ್ಡ್ ನೋಡುವ ಟಿಎಸ್‌ಎಚ್, ಲಿವರ್ ಮತ್ತು ಕಿಡ್ನಿ ಪರೀಕ್ಷೆ. 310ರ ಹಿಂದೆ ಗೊತ್ತಾಗದ ಸಕ್ಕರೆ ಕಾಯಿಲೆ ಕೂತಿರುವುದನ್ನು ನಾನು ಪದೇ ಪದೇ ನೋಡಿದ್ದೇನೆ. ಎಚ್‌ಬಿಎ1ಸಿ 6.5 ಅಥವಾ ಮೇಲೆ ಬಂದು, ಇನ್ನೊಮ್ಮೆ ಮಾಡಿಸಿದಾಗಲೂ ಹಾಗೇ ಇದ್ದರೆ ಸಕ್ಕರೆ ಕಾಯಿಲೆ ಅಂತ ಅರ್ಥ. ಆಗ ನಾನ್-ಎಚ್‌ಡಿಎಲ್ ಗುರಿ 100ಕ್ಕೆ ಇಳಿಯುತ್ತದೆ, ನಿಮ್ಮ ವಯಸ್ಸಿಗೆ ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಕೂಡಲೇ ಶುರುವಾಗಬೇಕು. ಅದು ನಾನ್-ಎಚ್‌ಡಿಎಲ್ ಇಳಿಸುತ್ತದೆ, ಹೃದಯವನ್ನು ಕಾಪಾಡುತ್ತದೆ ಅನ್ನೋದೂ ಗಟ್ಟಿಯಾಗಿ ಸಾಬೀತಾಗಿದೆ. ಬಿಪಿ ಇದ್ದರೆ, ಸಿಗರೇಟ್ ಸೇದುತ್ತಿದ್ದರೆ, ಅಪ್ಪ ಅಥವಾ ಅಣ್ಣನಿಗೆ 55ರೊಳಗೆ ಹಾರ್ಟ್ ಅಟ್ಯಾಕ್ ಆಗಿದ್ದರೆ ಅದನ್ನೂ ನಿಮ್ಮ ಡಾಕ್ಟರಿಗೆ ಹೇಳಿ, ಸ್ಟ್ಯಾಟಿನ್ ತೀರ್ಮಾನ ಬೇಗ ಆಗುತ್ತದೆ.

ಸಕ್ಕರೆ, ಥೈರಾಯ್ಡ್ ಎಲ್ಲ ಸರಿ ಬಂದರೆ ಮೂರು ತಿಂಗಳು ಊಟ ಬದಲಿಸಿ ನೋಡಬಹುದು. ಎಣ್ಣೆ, ಮೊಟ್ಟೆ ಬಿಟ್ಟಿದ್ದೀರಿ, ಆದರೆ ಟೀ ಒಂದರಿಂದಲೇ ದಿನಕ್ಕೆ ಹದಿನಾಲ್ಕು ಚಮಚ, ಹೆಚ್ಚು ಕಡಿಮೆ 60 ಗ್ರಾಂ ಸಕ್ಕರೆ ಒಳಗೆ ಹೋಗುತ್ತಿದೆ. ಟೀ ಎರಡಕ್ಕೆ ಇಳಿಸಿ, ಸಕ್ಕರೆ ಹಾಕಬೇಡಿ. ಪೆಗ್ ಪೂರ್ತಿ ಬಿಡಿ. ರಾತ್ರಿ ಅನ್ನ ಅರ್ಧ ಮಾಡಿ, ಆ ಜಾಗಕ್ಕೆ ಕಾಳು, ಪಲ್ಯ, ಬೇಕಾದರೆ ಒಂದು ಮೊಟ್ಟೆ. ಊಟವಾದ ಮೇಲೆ ಅರ್ಧ ಗಂಟೆ ನಡೆಯಿರಿ. ತೂಕ ನೂರಕ್ಕೆ ಐದು ಹತ್ತು ಕಿಲೋ ಲೆಕ್ಕದಲ್ಲಿ ಇಳಿದರೆ ಟ್ರೈಗ್ಲಿಸರೈಡ್ ಸುಮಾರು ಐದನೇ ಒಂದು ಭಾಗ ಇಳಿಯುತ್ತದೆ.

ಮತ್ತೆ ರಕ್ತ ಕೊಡುವಾಗ ಅದೇ ಲ್ಯಾಬಿಗೆ ಹೋಗಿ. ಹಿಂದಿನ ರಾತ್ರಿ ಮದುವೆ ಊಟ ಮಾಡಿ ಬೆಳಿಗ್ಗೆ ಹೋಗಬೇಡಿ, ಟ್ರೈಗ್ಲಿಸರೈಡ್ ಸುಮ್ನೆ ಏರಿರುತ್ತದೆ. ರಿಪೋರ್ಟ್ ಕೈಗೆ ಬಂದ ತಕ್ಷಣ ಮೊದಲು ಕಳೆಯುವ ಲೆಕ್ಕ ಮಾಡಿ. ಆಗಲೂ 130ಕ್ಕಿಂತ ಮೇಲಿದ್ದರೆ ಸ್ಟ್ಯಾಟಿನ್ ಮಾತು ಮುಂದೂಡದೆ ನಿಮ್ಮ ಡಾಕ್ಟರ ಹತ್ತಿರ ಕೂತು ಮಾತಾಡಿ.