ಡಿಟ್ಯೂನ್ ಆದರೆ ಆಂದೋಲನ ನಿಲ್ಲುವುದಿಲ್ಲ, ಓಡುತ್ತದೆ

ಪ್ರಶ್ನೆ: ರುಬಿಡಿಯಂ-87ರ ಎರಡು ಹೈಪರ್‌ಫೈನ್ ಶಕ್ತಿಮಟ್ಟಗಳ ನಡುವೆ ಮೈಕ್ರೋವೇವ್ ಪಲ್ಸ್ ಕೊಡುತ್ತಿದ್ದೇವೆ. ಸರಿಯಾದ ಆವರ್ತನದಲ್ಲಿ 50 ಮೈಕ್ರೋಸೆಕೆಂಡಿನ ಪಲ್ಸ್ ಎಲ್ಲ ಪರಮಾಣುಗಳನ್ನೂ ಮೇಲಿನ ಮಟ್ಟಕ್ಕೆ ಒಯ್ಯುತ್ತದೆ. 17.3 ಕಿಲೋಹರ್ಟ್ಸ್ ಸರಿಸಿದರೆ ಮೇಲೆ ಒಂದೂ ಇಲ್ಲ. ಅಷ್ಟು ದೂರದಲ್ಲಿ ಪರಮಾಣು ಅಲೆಯನ್ನು ಗಮನಿಸುವುದೇ ಇಲ್ಲವೆಂದು ಅರ್ಥವೇ?

ಅಲ್ಲ. ಈ ಪ್ರಶ್ನೆ ಬೇರೆ ಬೇರೆ ಸಂಖ್ಯೆ ಹೊತ್ತು ಪದೇ ಪದೇ ಬರುತ್ತದೆ. ಪ್ರತಿ ಸಲವೂ ಕೇಳಿದವರು ಪಲ್ಸಿನ ಉದ್ದವನ್ನು ಒಂದೇ ಬೆಲೆಗೆ ಕಟ್ಟಿಹಾಕಿರುತ್ತಾರೆ. ನಿಮ್ಮ ಪಲ್ಸನ್ನು 25 ಮೈಕ್ರೋಸೆಕೆಂಡಿಗೆ ಇಳಿಸಿ ನೋಡಿ, ಕಾಲುಭಾಗ ಪರಮಾಣುಗಳು ಮೇಲೆ ಸಿಗುತ್ತವೆ. 50ಕ್ಕೆ ಬರುವಷ್ಟರಲ್ಲಿ ಅವು ಮೇಲೆ ಹೋಗಿ ಕೆಳಗೆ ಬಂದಾಗಿದೆ, ಅಷ್ಟೇ.

t ಉದ್ದದ ಪಲ್ಸಿನ ನಂತರ ಪರಮಾಣು ಮೇಲಿನ ಮಟ್ಟದಲ್ಲಿ ಸಿಗುವ ಸಂಭಾವ್ಯತೆ P(t)ಯ ಸೂತ್ರ ಇದು. Ω ಎಂದರೆ ರಾಬಿ ಆವರ್ತನ, ಸರಿಯಾದ ಆವರ್ತನದಲ್ಲಿ ಆಂದೋಲನದ ವೇಗ; Δ ಎಂದರೆ ಡಿಟ್ಯೂನಿಂಗ್, ಅಲೆಯ ಆವರ್ತನ ಸರಿಯಾದದ್ದರಿಂದ ಎಷ್ಟು ಸರಿದಿದೆ ಎಂಬುದು:

P(t) = [Ω²/(Ω²+Δ²)] · sin²(½·√(Ω²+Δ²)·t)

50 ಮೈಕ್ರೋಸೆಕೆಂಡಿನದು ಪೈ ಪಲ್ಸ್, ಅಂದರೆ ಅರ್ಧ ಸುತ್ತಿನಲ್ಲಿ ಎಲ್ಲ ಪರಮಾಣುಗಳನ್ನೂ ಮೇಲೆ ಒಯ್ಯುವ ಪಲ್ಸ್ ಆಗಿರುವುದರಿಂದ ನಿಮ್ಮ ರಾಬಿ ಆವರ್ತನ 10 ಕಿಲೋಹರ್ಟ್ಸ್. ಡಿಟ್ಯೂನಿಂಗ್ ಅದರ √3 ಪಟ್ಟು. ಎರಡನ್ನೂ ವರ್ಗ ಮಾಡಿ ಕೂಡಿಸಿ ಮೂಲ ತೆಗೆದರೆ 20 ಕಿಲೋಹರ್ಟ್ಸ್. ಅಂದರೆ ಆಂದೋಲನದ ವೇಗ ದುಪ್ಪಟ್ಟು, ಎತ್ತರ ಮಾತ್ರ ಕಾಲುಭಾಗ. ಒಂದು ಪೂರ್ತಿ ಸುತ್ತಿಗೆ ಸರಿಯಾಗಿ 50 ಮೈಕ್ರೋಸೆಕೆಂಡ್. ನಿಮ್ಮ ಸೊನ್ನೆ ಬಂದದ್ದು ಇಲ್ಲಿಂದ.

ದೂರ ಸರಿದಷ್ಟೂ ವೇಗ ಹೆಚ್ಚುವುದು ಏಕೆಂದು ಮುಂದಿನ ಪತ್ರದಲ್ಲಿ ಕೇಳುತ್ತೀರಿ, ಈಗಲೇ ಹೇಳಿಬಿಡುತ್ತೇನೆ. ಪರಮಾಣುವಿನ ಸ್ಥಿತಿಯನ್ನು ಮೇಲ್ಮೈಯ ಒಂದು ಬಿಂದುವಾಗಿ ತೋರಿಸುವ ಬ್ಲಾಕ್ ಗೋಲದಲ್ಲಿ ಕೆಳಗಿನ ಮಟ್ಟ ದಕ್ಷಿಣ ಧ್ರುವ, ಮೇಲಿನದು ಉತ್ತರ ಧ್ರುವ. ಅನುರಣನೆಯಲ್ಲಿ, ಅಂದರೆ ಆವರ್ತನ ಸರಿಯಾಗಿರುವಾಗ, ಸ್ಥಿತಿ ಅಡ್ಡ ಅಕ್ಷದ ಸುತ್ತ ತಿರುಗುತ್ತದೆ, ಆದ್ದರಿಂದ ಒಂದು ಧ್ರುವದಿಂದ ಇನ್ನೊಂದಕ್ಕೆ ಮುಟ್ಟುತ್ತದೆ. ಡಿಟ್ಯೂನಿಂಗ್ ಆ ಅಕ್ಷಕ್ಕೆ ಒಂದು ಲಂಬ ಭಾಗವನ್ನು ಸೇರಿಸುತ್ತದೆ. ಅಕ್ಷ ಓರೆಯಾಗುತ್ತದೆ, ಸುತ್ತುವ ವೃತ್ತ ಚಿಕ್ಕದಾಗುತ್ತದೆ. ತಿರುಗುವ ವೇಗವನ್ನು ನಿರ್ಧರಿಸುವುದು ಎರಡೂ ಭಾಗ ಸೇರಿದ ಒಟ್ಟು ಉದ್ದ, ಹಾಗಾಗಿ ಅದು ಬೆಳೆಯುತ್ತದೆ. ಮೊದಲ ಕ್ಷಣಗಳಲ್ಲಂತೂ ಡಿಟ್ಯೂನಿಂಗ್ ಇರುವುದೇ ಗೊತ್ತಾಗುವುದಿಲ್ಲ: 5 ಮೈಕ್ರೋಸೆಕೆಂಡಿಗೆ ಅನುರಣನೆಯಲ್ಲೂ ನಿಮ್ಮ 17.3ರಲ್ಲೂ ಸಂಭಾವ್ಯತೆ ಸುಮಾರು ಶೇ. 2.4. ದಾರಿ ಬೇರೆಯಾಗುವುದು ಆಮೇಲೆ.

ಇಲ್ಲಿ ಎಲ್ಲರೂ ಎಡವುವ ಒಂದು ಕಲ್ಲಿದೆ. ಸೂತ್ರದಲ್ಲಿ Ω, Δ ಎರಡೂ ಕೋನೀಯ ಆವರ್ತನಗಳು. Ωಗೆ 2π ಗುಣಿಸಿ, ಸಿಗ್ನಲ್ ಜನರೇಟರಿನಲ್ಲಿ ಓದಿದ ಹರ್ಟ್ಸನ್ನು ಹಾಗೇ Δಗೆ ಹಾಕಿದರೆ, 10 ಕಿಲೋಹರ್ಟ್ಸ್ ಡಿಟ್ಯೂನಿಂಗಿಗೂ ಗರಿಷ್ಠ ಸಂಭಾವ್ಯತೆ 0.98ರ ಹತ್ತಿರ ಬರುತ್ತದೆ. ನಿಜವಾದದ್ದು 0.5. "ಡಿಟ್ಯೂನಿಂಗಿನಿಂದ ಏನೂ ಆಗುವುದಿಲ್ಲ" ಎಂದು ಬರೆದವರ ಲೆಕ್ಕದಲ್ಲಿ ನಾನು ಮೊದಲು ಹುಡುಕುವುದು ಈ ತಪ್ಪನ್ನೇ.

ಎತ್ತರ ಅರ್ಧಕ್ಕಿಳಿದ ಮಾತ್ರಕ್ಕೆ ಡಿಟ್ಯೂನಿಂಗ್ ಎಂದು ತೀರ್ಮಾನಿಸಬೇಡಿ. ವೇಗವನ್ನು ನೋಡಿ. ಎತ್ತರ ಅರ್ಧವಾಗಿ ವೇಗ 14.1 ಕಿಲೋಹರ್ಟ್ಸಿಗೆ ಏರಿದ್ದರೆ ಅದು ಡಿಟ್ಯೂನಿಂಗ್. ವೇಗ 10ರಲ್ಲೇ ಇದ್ದರೆ ಪರಮಾಣುಗಳನ್ನು ಸಿದ್ಧಪಡಿಸುವಾಗಲೋ ಎಣಿಸುವಾಗಲೋ ಎಡವಟ್ಟಾಗಿದೆ. ಆಂದೋಲನ ಕ್ರಮೇಣ ಸವೆದು 0.5ರ ಬಳಿ ಚಪ್ಪಟೆಯಾದರೆ ಕಾರಣ ಡಿಕೊಹೆರೆನ್ಸ್ ಎಂಬ ತಾಳ ತಪ್ಪುವಿಕೆ, ಇಲ್ಲವೇ ಮೈಕ್ರೋವೇವ್ ಬಲ ಎಲ್ಲ ಪರಮಾಣುಗಳಿಗೂ ಸಮನಾಗಿ ಸಿಗದಿರುವುದು. ಶುದ್ಧ ಡಿಟ್ಯೂನಿಂಗಿನಲ್ಲಿ ಪ್ರತಿ ಸುತ್ತೂ ಸೊನ್ನೆಗೆ ಮರಳಲೇಬೇಕು.

ನಂಬಬಹುದಾದ ವಿಧಾನವೂ ಇದೇ ವೇಗದ ಮೇಲೆ ನಿಂತಿದೆ. ಐದಾರು ಆವರ್ತನಗಳನ್ನು ಆರಿಸಿ, ಪ್ರತಿಯೊಂದರಲ್ಲೂ ಪಲ್ಸನ್ನು 0ಯಿಂದ 200 ಮೈಕ್ರೋಸೆಕೆಂಡಿನವರೆಗೆ ಬದಲಿಸಿ ಆಂದೋಲನದ ವೇಗ ಅಳೆಯಿರಿ. ವೇಗದ ವರ್ಗವನ್ನು ಆವರ್ತನದ ಎದುರು ಗುರುತಿಸಿದರೆ ಪ್ಯಾರಾಬೋಲ ಬರುತ್ತದೆ. ಅದರ ತಳ ಇರುವ ಜಾಗ ಅನುರಣನೆ, ತಳದ ಎತ್ತರ ರಾಬಿ ಆವರ್ತನದ ವರ್ಗ. ಎಣಿಕೆಯಲ್ಲಿ ಪ್ರತಿಸಲ ಶೇ. 10 ಕಳೆದುಹೋಗುತ್ತಿದ್ದರೂ ಇದು ಕೆಡುವುದಿಲ್ಲ.

ತಳ ದಿನದಿನಕ್ಕೆ ಅಲೆದಾಡುತ್ತಿದ್ದರೆ ಕಾಂತಕ್ಷೇತ್ರವನ್ನು ಅನುಮಾನಿಸಿ. mF ಎಂದರೆ ಪ್ರತಿ ಮಟ್ಟದೊಳಗಿನ ಕಾಂತೀಯ ಉಪಮಟ್ಟದ ಸಂಖ್ಯೆ. mF = 0ಯಿಂದ mF = 0ಗೆ ಹೋಗುವ ದಾರಿಯಲ್ಲಿ 0.1 ಗಾಸ್ ಕ್ಷೇತ್ರ ಸರಿಸುವುದು ಬರೀ 6 ಹರ್ಟ್ಸ್. mF = 1ರಿಂದ mF = 1ಕ್ಕೆ ಹೋಗುತ್ತಿದ್ದರೆ 0.01 ಗಾಸ್ ವ್ಯತ್ಯಾಸವೇ 14 ಕಿಲೋಹರ್ಟ್ಸ್ ಸರಿಸಿಬಿಡುತ್ತದೆ.

ಪ್ರಶ್ನೆ: ಸಂಭಾವ್ಯತೆ 0.5 ಇದ್ದಾಗ ಪರಮಾಣು ಎರಡು ಮಟ್ಟಗಳ ನಡುವೆ ಅರ್ಧ ದಾರಿಯಲ್ಲಿರುತ್ತದೆಯೇ?

ಇಲ್ಲ, ಸಾವಿರ ಪರಮಾಣುಗಳನ್ನು ಅಳೆದರೆ ಸುಮಾರು ಐನೂರು ಮೇಲೆ, ಉಳಿದವು ಕೆಳಗೆ ಸಿಗುತ್ತವೆ, ನಡುವೆ ಒಂದೂ ಸಿಗದು.

ಪ್ರಶ್ನೆ: ದೇಹದ ಆವರ್ತನವನ್ನು ವಿಶ್ವದ ಆವರ್ತನಕ್ಕೆ ಟ್ಯೂನ್ ಮಾಡುವ ಕ್ವಾಂಟಮ್ ಚಿಕಿತ್ಸಾ ಶಿಬಿರಕ್ಕೆ ಇದೇ ತತ್ತ್ವ ಆಧಾರವೇ?

ಯಾವ ಎರಡು ಮಟ್ಟಗಳು, ಎಷ್ಟು ಹರ್ಟ್ಸ್, ಪಲ್ಸ್ ಎಷ್ಟು ಉದ್ದ ಎಂದು ಅವರನ್ನು ಕೇಳಿ. ಉತ್ತರ ಬಂದ ಮೇಲೆ ಶುಲ್ಕ ಕಟ್ಟಿ.

ಪ್ರಶ್ನೆ: ಪವರ್ ಏರಿಸಿದರೆ ಡಿಟ್ಯೂನಿಂಗಿನ ತಾಪತ್ರಯ ತಪ್ಪುವುದಿಲ್ಲವೇ?

ನಾಲ್ಕು ಪಟ್ಟು ಏರಿಸಿದರೆ ರಾಬಿ ಆವರ್ತನ ಎರಡು ಪಟ್ಟಾಗುತ್ತದೆ, 10 ಕಿಲೋಹರ್ಟ್ಸ್ ತಪ್ಪಿದ್ದರೂ ಗರಿಷ್ಠ 0.8ಕ್ಕೆ ಏರುತ್ತದೆ. ಪೈ ಪಲ್ಸನ್ನು 25 ಮೈಕ್ರೋಸೆಕೆಂಡಿಗೆ ಇಳಿಸಲು ಮರೆಯಬೇಡಿ. ಆದರೆ ಆವರ್ತನ ತಪ್ಪಿದ್ದನ್ನು ಹುಡುಕುವ ಮೊದಲೇ ಪವರ್ ತಿರುಪುವುದು ನನಗೆ ಹಿಡಿಸುವುದಿಲ್ಲ: ಅನುರಣನೆಯ ಗೆರೆ ಅಗಲವಾದಂತೆ ಪಕ್ಕದ mF ಮಟ್ಟಗಳೂ ಎಚ್ಚರಗೊಳ್ಳುತ್ತವೆ, ಆಮೇಲೆ ನಿಮ್ಮ ಕೈಯಲ್ಲಿರುವುದು ಎರಡೇ ಮಟ್ಟಗಳ ವ್ಯವಸ್ಥೆಯಲ್ಲ.