ಅಪ್ಪನ ಬಗ್ಗೆ ಬರೆಯುವಾಗ ‘ಯಾವಾಗಲೂ’ ಎಂಬ ಪದ

“ಅಪ್ಪನಿಗೂ ನನಗೂ ಮೊದಲಿನಿಂದಲೂ ಅಷ್ಟಕ್ಕಷ್ಟೇ. ಅದರ ಬಗ್ಗೆ ಒಂದು ಪ್ರಬಂಧ ಬರೆಯಲು ನಾಲ್ಕು ತಿಂಗಳಿಂದ ಒದ್ದಾಡುತ್ತಿದ್ದೇನೆ. ಪ್ರತಿ ಸಲ ಎರಡನೇ ಪುಟಕ್ಕೆ ಬರುವಷ್ಟರಲ್ಲಿ ಅದು ದೂರಿನ ಪಟ್ಟಿ ಆಗಿಬಿಡುತ್ತದೆ. ಸುಳ್ಳು ಹೇಳದೆ, ಸಿಹಿ ಸವರದೆ ಇದನ್ನು ಬರೆಯುವುದು ಹೇಗೆ?”

ನಾನು ಇದರಲ್ಲೇ ಎರಡು ವರ್ಷ ಕಳೆದವನು. ಕೊನೆಗೆ ನನಗೆ ದಾರಿ ಸಿಕ್ಕಿದ್ದು ಕ್ರಿಯಾಪದಗಳಲ್ಲಿ ಅಂದರೆ ನಗಬೇಡಿ. ನನ್ನ ಮೊದಲ ಕರಡಿನ ಒಂದು ಪ್ಯಾರಾವನ್ನು ಇದ್ದ ಹಾಗೇ ಇಲ್ಲಿ ಹಾಕುತ್ತೇನೆ, ನಾಚಿಕೆಯಾದರೂ ಪರವಾಗಿಲ್ಲ:

“ನಾನು ಮಾಡಿದ ಯಾವ ಕೆಲಸವನ್ನೂ ಅಪ್ಪ ಒಪ್ಪುತ್ತಿರಲಿಲ್ಲ. ಯಾವಾಗಲೂ ತಪ್ಪು ಹುಡುಕುತ್ತಿದ್ದರು. ನಾನೇನಾದರೂ ಮಾಡಿಟ್ಟರೆ ನನಗೆ ಗೊತ್ತಾಗದ ಹಾಗೆ ಬಿಚ್ಚಿ, ತಾವೇ ಮತ್ತೆ ಮಾಡುತ್ತಿದ್ದರು. ಒಂದು ದಿನವೂ ಒಂದು ಒಳ್ಳೆಯ ಮಾತು ಆಡಲಿಲ್ಲ. ನನಗೆ ಅವಮಾನವಾಗುತ್ತಿತ್ತು. ನನಗೆ ಅಳು ಬರುತ್ತಿತ್ತು.”

ಇದರಲ್ಲಿ ಸುಳ್ಳಿಲ್ಲ. ಆದರೂ ಓದಿದವರು ಎರಡನೇ ವಾಕ್ಯಕ್ಕೇ ನನ್ನ ಮೇಲೆ ಅನುಮಾನಪಡುತ್ತಾರೆ. ಕಾರಣ ಆ ‘ಉತ್ತಿದ್ದರು’. ಹುಡುಕುತ್ತಿದ್ದರು, ಮಾಡುತ್ತಿದ್ದರು, ಬೈಯುತ್ತಿದ್ದರು ಅಂದಾಗ ನಾನು ಒಂದು ಘಟನೆಯನ್ನು ಹೇಳುತ್ತಿಲ್ಲ. ಹತ್ತು ವರ್ಷದ ಘಟನೆಗಳನ್ನೆಲ್ಲ ಒಟ್ಟುಗೂಡಿಸಿ ತೀರ್ಪನ್ನಷ್ಟೇ ಓದುಗನ ಕೈಗೆ ಕೊಡುತ್ತಿದ್ದೇನೆ. ಅವನಿಗೆ ನೋಡಲು ಏನೂ ಇಲ್ಲ, ಒಪ್ಪುವುದು ಅಥವಾ ಬಿಡುವುದು ಅಷ್ಟೇ. ಅದರ ಜೊತೆಗೆ ಆ ‘ಊ’ ಬೇರೆ: ಯಾವ ಕೆಲಸವನ್ನೂ, ಯಾವಾಗಲೂ, ಒಂದು ದಿನವೂ. ನಮ್ಮ ಭಾಷೆಯಲ್ಲಿ ಜಗಳದ ದನಿ ಹೆಚ್ಚಾಗಿ ಈ ಒಂದು ಸ್ವರದಲ್ಲೇ ಕೂತಿರುತ್ತದೆ. ಮನೆಯಲ್ಲಿ ಯಾರಾದರೂ ಜಗಳವಾಡುವಾಗ ಗಮನಿಸಿ ನೋಡಿ, ಪ್ರತಿ ಎರಡು ಮಾತಿಗೊಂದು ‘ಊ’ ಕೇಳುತ್ತದೆ.

ಮೂರನೆಯದು ನನ್ನ ಕಣ್ಣಿಗೆ ಬೀಳಲು ತುಂಬ ಸಮಯ ಹಿಡಿಯಿತು. ಆ ಪ್ಯಾರಾದಲ್ಲಿ ಕೆಲಸ ಮಾಡುವವರೆಲ್ಲ ಅಪ್ಪನೇ. ನಾನು ಬರುವುದು ಹೆಚ್ಚಾಗಿ ‘ನನಗೆ’ ಆಗಿ. ನನಗೆ ಅವಮಾನವಾಯಿತು, ನನಗೆ ಅಳು ಬಂತು, ನನಗೆ ಅನ್ನಿಸಿತು. ಎಲ್ಲವೂ ನನ್ನ ಮೇಲೆ ಬಂದು ಬಿದ್ದದ್ದು, ನಾನು ಮಾಡಿದ್ದು ಏನೂ ಇಲ್ಲ. ಎಂಟು ಪುಟದ ಕರಡಿನಲ್ಲಿ ‘ನನಗೆ’ಗಳಿಗೆಲ್ಲ ಕೆಂಪು ಗೆರೆ ಹಾಕಿದೆ. ಪುಟಗಳು ಕೆಂಪಾದವು. ನಿಮ್ಮ ಕರಡಿಗೂ ಇದನ್ನು ಮಾಡಿ, ಹತ್ತು ನಿಮಿಷದ ಕೆಲಸ. ‘ಉತ್ತಿದ್ದರು’ಗೆ ಒಂದು ಬಣ್ಣ, ‘ಊ’ಗೆ ಒಂದು, ‘ನನಗೆ’ಗೆ ಒಂದು. ಮೂರೂ ಒತ್ತಾಗಿ ಸೇರುವ ಕಡೆ ನಿಮ್ಮ ದೂರು ಇರುತ್ತದೆ. ಬರೆಯಬೇಕಾದ ವಿಷಯವೂ ಅಲ್ಲೇ ಎಲ್ಲೋ ಹುದುಗಿರುತ್ತದೆ, ಹಾಗಾಗಿ ಅಷ್ಟನ್ನು ಹೊಡೆದು ಹಾಕಬೇಡಿ.

ಹೊಡೆದು ಹಾಕುವ ಬದಲು ‘ಮಾಡುತ್ತಿದ್ದರು’ ಅನ್ನುವುದನ್ನು ‘ಮಾಡಿದರು’ ಅಂತ ಬದಲಾಯಿಸಿ ನೋಡಿ. ತಕ್ಷಣ ಪ್ರಶ್ನೆಗಳು ಹುಟ್ಟುತ್ತವೆ. ಯಾವಾಗ? ಏನನ್ನು? ಆಗ ಕೋಣೆಯಲ್ಲಿ ಯಾರಿದ್ದರು? ‘ಬಿಚ್ಚಿ ಮತ್ತೆ ಮಾಡುತ್ತಿದ್ದರು’ ಅನ್ನುವುದಕ್ಕೆ ಆಧಾರವಾಗಿ ನನಗೆ ನಿಜವಾಗಿ ನೆನಪಿದ್ದದ್ದು ಒಂದೇ ಒಂದು ಸಂದರ್ಭ. ಉಳಿದವನ್ನು ನಾನು ಆ ಒಂದರ ಮೇಲೆ ಕಟ್ಟಿಕೊಂಡಿದ್ದೆ ಅಂತ ಅವತ್ತೇ ಗೊತ್ತಾಯಿತು. ಆ ಒಂದನ್ನು ಬರೆದೆ:

“ನನಗೆ ಹದಿನೈದು. ಪುಸ್ತಕ ಇಡಲು ನಾನೇ ಒಂದು ಹಲಗೆ ಕೊಯ್ದು ಗೋಡೆಗೆ ಹೊಡೆದೆ. ಸಂಜೆ ಅಪ್ಪ ಬಂದು ನಿಂತರು. ಜೇಬಿನಿಂದ ಪೆನ್ಸಿಲ್ ತೆಗೆದು ಹಲಗೆಯ ಮೇಲಿಟ್ಟರು. ಪೆನ್ಸಿಲ್ ನಿಧಾನವಾಗಿ ಉರುಳಿ, ಎಡಗಡೆಯ ತುದಿಯಿಂದ ಕೆಳಗೆ ಬಿತ್ತು. ಅದನ್ನು ಎತ್ತಿ ಜೇಬಿಗೆ ಹಾಕಿಕೊಂಡು ಹೊರಟುಹೋದರು. ಮಾರನೆಯ ದಿನ ನಾನು ಶಾಲೆಯಿಂದ ಬಂದಾಗ ಹಲಗೆ ಮಟ್ಟಸವಾಗಿತ್ತು. ನನ್ನ ಮೊಳೆಗಳು ಕಿತ್ತು ಬಂದ ಎರಡು ತೂತುಗಳು ಮಾತ್ರ ಗೋಡೆಯಲ್ಲಿ ಹಾಗೇ ಇದ್ದವು.”

ಇಲ್ಲಿ ಅವಮಾನ ಎಂಬ ಪದವಿಲ್ಲ. ಪೆನ್ಸಿಲ್ ಜೇಬಿಗೆ ಹೋದಾಗ ನಿಮಗೆ ಏನೋ ಅನ್ನಿಸಿರಬೇಕು, ಅಷ್ಟು ಸಾಕು. ದೃಶ್ಯ ಬರೆಯಿರಿ ಎಂಬ ಸಲಹೆ ನಿಮಗೆ ಹೊಸದೇನಲ್ಲ, ಎಲ್ಲರೂ ಹೇಳುತ್ತಾರೆ. ಅವರು ಹೇಳದೆ ಬಿಡುವ ಮಾತೊಂದಿದೆ. ದೃಶ್ಯದ ರೂಪದಲ್ಲೂ ದೂರು ಕೊಡಬಹುದು, ಇನ್ನೂ ಜಾಣತನದಿಂದ ಕೊಡಬಹುದು. ಮೇಲಿನ ದೃಶ್ಯ ಈಗಲೂ ದೂರೇ. ನಾನು ಬೇಕಾದ್ದನ್ನು ಮಾತ್ರ ಆರಿಸಿ ಇಟ್ಟಿದ್ದೇನೆ, ಅಷ್ಟೇ ವ್ಯತ್ಯಾಸ.

ಇದು ನನಗೆ ಹೊಳೆದದ್ದು ಜರ್ಮನ್ ಭಾಷೆಯ ಲೇಖಕ ಕಾಫ್ಕಾನಿಂದ. 1919ರಲ್ಲಿ ಆತ ತನ್ನ ತಂದೆಗೆ ನೂರು ಪುಟ ದಾಟಿದ ಒಂದು ಪತ್ರ ಬರೆದ. ಅದು ತಂದೆಯ ಕೈ ಸೇರಲಿಲ್ಲ. ಪತ್ರದ ತುಂಬ ಆರೋಪಗಳಿವೆ, ಆದರೆ ಕೊನೆಗೆ ಬಂದಾಗ ಆತ ತಂದೆಯ ಬಾಯಿಂದ ಒಂದು ಉತ್ತರವನ್ನೂ ತಾನೇ ಬರೆದುಬಿಡುತ್ತಾನೆ. ಆ ಉತ್ತರ ಸಪ್ಪೆಯಾಗಿಲ್ಲ, ಮಗನ ವಾದವನ್ನು ನಿಜವಾಗಿ ಚುಚ್ಚುತ್ತದೆ. ನಾನೂ ಒಂದು ಸಂಜೆ ಕೂತು ಅಪ್ಪನ ಉತ್ತರ ಬರೆದೆ, ಪ್ರಬಂಧಕ್ಕೆಂದಲ್ಲ, ಬೇರೆ ಹಾಳೆಯಲ್ಲಿ. ಅವರ ಮಾತಿನ ಧಾಟಿಯಲ್ಲೇ. ಮೂರನೇ ಸಾಲಿಗೆ ಅವರು ಅಂದರು: “ಮೊಳೆ ಅರ್ಧ ಇಂಚೂ ಒಳಗೆ ಹೋಗಿರಲಿಲ್ಲ. ಅಷ್ಟು ಪುಸ್ತಕ ಹೇರಿಕೊಂಡು ರಾತ್ರಿ ನಿನ್ನ ತಲೆ ಮೇಲೆ ಬಿದ್ದಿದ್ದರೆ?”

ಪೆನ್ನು ನಿಂತಿತು. ಆ ಹಲಗೆ ಇದ್ದದ್ದು ನಾನು ಮಲಗುವ ಜಾಗದ ನೇರ ಮೇಲೆ, ತಲೆಯ ಕಡೆಗೆ.

ನನಗೆ ಇದು ಗೊತ್ತಿರಲಿಲ್ಲ ಅಂತಲ್ಲ, ಅದರ ಕೆಳಗೇ ವರ್ಷಗಟ್ಟಲೆ ಮಲಗಿದ್ದೆ. ಆದರೆ ಎರಡು ವರ್ಷದಲ್ಲಿ ಬರೆದ ಆರು ಕರಡುಗಳಲ್ಲಿ ಹಲಗೆ ಎಲ್ಲಿತ್ತು ಎಂಬುದು ಒಮ್ಮೆ ಕೂಡ ಬಂದಿರಲಿಲ್ಲ. ಮರೆತಿದ್ದಲ್ಲ, ನನ್ನ ವಾದಕ್ಕೆ ಬೇಕಿರಲಿಲ್ಲ. ದೂರು ಅಂದರೆ ನನಗೀಗ ಇದೇ ಅರ್ಥ. ಎದುರು ಪಕ್ಷಕ್ಕೆ ಅನುಕೂಲವಾಗುವ ಒಂದು ವಿವರ ಸದ್ದಿಲ್ಲದೆ ಹೊರಗುಳಿದಿರುತ್ತದೆ. ಕೋಪ ಎಷ್ಟಿದೆ ಅನ್ನುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಕೋಪ ಪೂರ್ತಿ ಇದ್ದೂ ಆ ವಿವರ ಒಳಗಿದ್ದರೆ ಬರಹ ನಿಲ್ಲುತ್ತದೆ.

ಈಗ ‘ಎಡಗಡೆಯ ತುದಿಯಿಂದ ಕೆಳಗೆ ಬಿತ್ತು’ ಎಂಬುದು ‘ಉರುಳಿ ನನ್ನ ದಿಂಬಿನ ಮೇಲೆ ಬಿತ್ತು’ ಅಂತ ಆಗಿದೆ. ಬದಲಾದದ್ದು ಅಷ್ಟೇ. ಅಪ್ಪನಿಗೆ ನನ್ನ ಮೇಲೆ ಕಾಳಜಿ ಇತ್ತು ಅಂತ ನಾನು ಬರೆಯಲಿಲ್ಲ, ಯಾಕೆಂದರೆ ಅದು ನನಗೆ ಗೊತ್ತಿಲ್ಲ. ವಕ್ರವಾದ ಹಲಗೆ ಅವರ ಕಣ್ಣಿಗೆ ಚುಚ್ಚಿದ್ದರಿಂದಲೂ ತೆಗೆದಿರಬಹುದು. ನೀವು ಹೇಳಿದ ಸಿಹಿ ಸವರುವಿಕೆ ನುಸುಳುವ ಜಾಗ ಇದೇ. ‘ಒರಟು ಮಾತಿನ ಹಿಂದೆ ಮೃದು ಹೃದಯ’, ‘ಪಾಪ, ಅವರ ಕಾಲದಲ್ಲಿ ಅವರಿಗೆ ಯಾರು ಹೇಳಿಕೊಟ್ಟಿದ್ದರು’, ‘ಈಗ ನಾನೂ ಅಪ್ಪನಾದ ಮೇಲೆ ಅರ್ಥವಾಗುತ್ತಿದೆ’. ಇವು ದೂರಿನ ಅವಳಿ ಸೋದರರು. ದೂರಿನಲ್ಲಿ ಅಪ್ಪನ ಮನಸ್ಸಿನೊಳಗೆ ಹೊಕ್ಕು ಕೆಟ್ಟದ್ದನ್ನು ಹೇಳಿದ ಹಾಗೆ, ಇವುಗಳಲ್ಲಿ ಹೊಕ್ಕು ಒಳ್ಳೆಯದನ್ನು ಹೇಳುತ್ತೇವೆ. ಮಾಡಿದ್ದನ್ನು ಬರೆಯಿರಿ. ಯಾಕೆ ಮಾಡಿದರು ಎಂಬುದು ನಿಮ್ಮ ಊಹೆಯಾದರೆ ‘ಇರಬಹುದು’ ಅಂತ ಸೇರಿಸಿ. ಇಡೀ ಬರಹದಲ್ಲಿ ಎರಡು ‘ಇರಬಹುದು’ ಮೀರಿದರೆ ಊಹೆ ಜಾಸ್ತಿಯಾಯಿತು ಅಂತ ನನ್ನ ಲೆಕ್ಕ.

ಇನ್ನು ‘ನನಗೆ’ ವಿಷಯ. ಕೆಂಪು ಗೆರೆ ಹಾಕಿದ ಮೇಲೆ ಆ ವಾಕ್ಯಗಳನ್ನೆಲ್ಲ ‘ನಾನು’ ಅಂತ ಶುರು ಮಾಡಲು ಪ್ರಯತ್ನಿಸಿದೆ. ಹೆಚ್ಚಿನವು ಕುಂಟಿದವು, ಒಂದು ಮಾತ್ರ ನಿಂತಿತು. ಮಟ್ಟಸವಾದ ಆ ಹಲಗೆಯ ಮೇಲೆ ನಾನು ಪುಸ್ತಕ ಇಡಲಿಲ್ಲ. ಪುಸ್ತಕಗಳನ್ನು ನೆಲದ ಮೇಲೆ ಜೋಡಿಸಿದೆ. ಅಪ್ಪ ದಿನಾ ಆ ಕೋಣೆಗೆ ಬಂದು ಹೋಗುತ್ತಿದ್ದರು, ಹಲಗೆ ಖಾಲಿ ಇರುವುದು ಅವರಿಗೆ ಕಾಣಬೇಕು ಎಂದೇ ನಾನು ಹಾಗೆ ಮಾಡಿದ್ದು. ಮೂರು ವರ್ಷ. ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ನನ್ನ ಪ್ರಬಂಧ ಈಗ ನಿಜವಾಗಿ ಇರುವುದು ಈ ಖಾಲಿ ಹಲಗೆಯ ಬಗ್ಗೆ. (ಇಲ್ಲಿ ‘ಬಂದು ಹೋಗುತ್ತಿದ್ದರು’ ಉಳಿಸಿಕೊಂಡಿದ್ದೇನೆ, ನೋಡಿ. ದಿನಾ ನಡೆದದ್ದಕ್ಕೆ ಅದೇ ಸರಿಯಾದ ರೂಪ. ಒಮ್ಮೆ ನಡೆದದ್ದಕ್ಕೆ ಬಳಸಿದಾಗಲೇ ತೊಂದರೆ.)

ಒಂದು ಎಚ್ಚರಿಕೆ. ನಿಮ್ಮ ಅಪ್ಪ ಹೊಡೆದವರಾದರೆ, ಮನೆಯವರು ಅವರಿಗೆ ಹೆದರಿ ಬದುಕಿದ್ದರೆ, ನಿಮ್ಮ ಪಾಲೂ ಇಷ್ಟಿತ್ತು ಅಂತ ಹುಡುಕಲು ಹೋಗಬೇಡಿ. ಮಗುವಿನ ಮೇಲೆ ಕೈ ಎತ್ತಿದ್ದಕ್ಕೆ ಮಗುವಿನ ಪಾಲು ಇರುವುದಿಲ್ಲ. ಅಂಥದ್ದನ್ನು ಏನು ನಡೆಯಿತೋ ಅಷ್ಟನ್ನು, ವಿಶೇಷಣಗಳಿಲ್ಲದೆ ಬರೆದರೆ ಸಾಕು. ನಾನು ಹೇಳುತ್ತಿರುವುದು ಮಾತು ಬತ್ತಿಹೋದ, ಇಬ್ಬರೂ ಬಿಗಿದುಕೊಂಡ ಸಂಬಂಧದ ಬಗ್ಗೆ.

ಅಪ್ಪ ‘ಬಂದರು’ ಎನ್ನಬೇಕೋ ‘ಬಂದ’ ಎನ್ನಬೇಕೋ ಎಂಬ ಪ್ರಶ್ನೆಯೂ ಒಂದು ದಿನ ನಿಮ್ಮನ್ನು ಹಿಡಿಯುತ್ತದೆ. ಮನೆಯಲ್ಲಿ ನೀವು ಯಾವುದನ್ನು ಆಡುತ್ತೀರೋ ಅದನ್ನೇ ಇಟ್ಟುಕೊಳ್ಳಿ. ನಾನು ಒಂದು ಕರಡಿನಲ್ಲಿ ಸಿಟ್ಟಿಗೆ ಬಹುವಚನ ಕಿತ್ತು ಹಾಕಿದ್ದೆ. ಅದನ್ನು ಓದಿದ ನನ್ನ ಅಕ್ಕ, “ಇವನು ಯಾರು?” ಅಂದಳು. ಅವಳಿಗೆ ಅಪ್ಪ ಕಾಣಲೇ ಇಲ್ಲ. ಅವತ್ತೇ ವಾಪಸ್ ಹಾಕಿದೆ.

ತೋರಿಸಬೇಕೋ ಬೇಡವೋ ಅಂತ ನೀವು ಕೇಳಿಲ್ಲ, ಆದರೆ ಕೊನೆಗೆ ಅಲ್ಲಿಗೇ ಬರುತ್ತೀರಿ. ಬರೆದು ಮುಗಿಯುವ ತನಕ ತೋರಿಸಬೇಡಿ, ಇಲ್ಲದಿದ್ದರೆ ಪ್ರತಿ ವಾಕ್ಯವನ್ನೂ ಅವರ ಮುಖ ನೋಡಿಕೊಂಡು ಬರೆಯುತ್ತೀರಿ. ನಾನು ಏಳನೇ ಕರಡನ್ನು ಕೊಟ್ಟೆ. ಅಪ್ಪ ಕನ್ನಡಕ ಹಾಕಿಕೊಂಡು ಎಲ್ಲ ಪುಟ ಓದಿದರು, ಮಡಚಿ ವಾಪಸ್ ಕೊಟ್ಟು, “ಪೆನ್ಸಿಲ್ ಅಲ್ಲ ಅದು, ಗೋಲಿ” ಅಂದರು. ಬೇರೆ ಏನೂ ಹೇಳಲಿಲ್ಲ. ನನ್ನ ಕಣ್ಣಿಗೆ ಈಗಲೂ ಪೆನ್ಸಿಲ್ಲೇ ಕಾಣುತ್ತದೆ, ಹಾಗಾಗಿ ಅದನ್ನು ಬದಲಾಯಿಸಲಿಲ್ಲ. ಅದರ ಮುಂದೆ ಒಂದು ವಾಕ್ಯ ಸೇರಿಸಿದೆ: ಅದು ಗೋಲಿ ಅನ್ನುತ್ತಾರೆ ಅಪ್ಪ.