ಗ್ರೂಪ್‌ಗೆ ಹೋದ ಸಿಟ್ಟು, ಮ್ಯಾನೇಜರ್‌ಗೆ ಹೋಗಬೇಕಿದ್ದ ಲೆಕ್ಕ

ಓದುಗರ ಪತ್ರ

ಸಂಪಾದಕರಿಗೆ ನಮಸ್ಕಾರ. ಮೂರು ಶಾಖೆಗಳ ಗ್ರಾಹಕರ ಅಭಿಪ್ರಾಯ ಒಟ್ಟುಮಾಡಿ ಮೂರು ತಿಂಗಳಿಗೊಮ್ಮೆ ಕ್ಲೈಂಟ್‌ಗೆ ವರದಿ ಕೊಡೋದು ನಮ್ಮ ಕೆಲಸ. ಮಾಡೋರು ಇಬ್ಬರೇ. ಒಂದು ಶಾಖೆಗೆ ಒಬ್ಬರ ಮೂರು ದಿನ ಹಿಡಿಯುತ್ತೆ: ಡೇಟಾ ಸರಿಪಡಿಸೋಕೆ ಒಂದು, ಕೋಷ್ಟಕಕ್ಕೆ ಒಂದು, ಬರೆಯೋಕೆ ಒಂದು. ಕೊನೆಗೆ ಎಲ್ಲ ಚೆಕ್ ಮಾಡೋಕೆ ಇನ್ನೊಂದು ದಿನ. ಹೋದ ಸಲ ಸೋಮವಾರ ಬೆಳಿಗ್ಗೆ ಮ್ಯಾನೇಜರ್ ಬಂದು, ‘ಶುಕ್ರವಾರ ಸಂಜೆ ಕೊಡ್ಬೇಕು, ಮಾತು ಕೊಟ್ಟಾಗಿದೆ’ ಅಂದ್ರು. ಮೂರನೇ ಶಾಖೆಯ ಡೇಟಾ ನಮ್ಮ ಕೈಗೆ ಬರೋದೇ ಗುರುವಾರ ಮಧ್ಯಾಹ್ನ. ಎದುರಿಗೆ ‘ಸರಿ ಸರ್’ ಅಂದೆ. ಆಮೇಲೆ ಸಹೋದ್ಯೋಗಿಗಳ ಗ್ರೂಪ್‌ನಲ್ಲಿ ಹೀಗೆ ಬರೆದೆ:

‘ಐದು ದಿನಕ್ಕೆ ಇಷ್ಟೆಲ್ಲ ಆಗುತ್ತಾ? ಇವರಿಗೆ ಲೆಕ್ಕಾನೇ ಬರಲ್ವಾ?’

‘ಡೇಟಾ ಬರೋದೇ ಗುರುವಾರ. ಮಂತ್ರ ಹಾಕಿ ತರಿಸ್ಬೇಕಾ?’

‘ಹಿಂದೆ ಒಂದ್ಸಲ ಚೆಕ್ ಮಾಡದೆ ಕಳಿಸಿ ಮಾನ ಹೋಗಿತ್ತು. ಈ ಸಲಾನೂ ಹೋಗ್ಲಿ ಬಿಡಿ.’

‘ಕೇಳದೆ ಮಾತು ಕೊಡೋದು ಇವರು, ರಾತ್ರಿ ಕೂರೋದು ನಾವು.’

ರಾತ್ರಿ ಕೂತು ಕಳಿಸಿದೆವು. ಎರಡು ಕೋಷ್ಟಕ ತಪ್ಪಾಗಿತ್ತು. ಮುಂದಿನ ವರದಿ ಹತ್ತಿರ ಬರ್ತಿದೆ. ಮರ್ಯಾದೆ ಕೆಡದ ಹಾಗೆ ಇದನ್ನ ಅವರಿಗೇ ಹೇಳೋದು ಹೇಗೆ?

— ಹೆಸರು ಬೇಡ ಎಂದಿರುವ ಓದುಗರು

ಸಂಪಾದಕರ ಉತ್ತರ

ನಿಮ್ಮ ನಾಲ್ಕು ಮೆಸೇಜ್‌ಗಳಲ್ಲಿ ಮೂರು ತುಂಬ ಉಪಯೋಗಕ್ಕೆ ಬರುವಂಥವು. ಬೈಗುಳ ತೆಗೆದರೆ ಒಂದೊಂದರಲ್ಲೂ ಮ್ಯಾನೇಜರ್‌ಗೆ ಗೊತ್ತಿಲ್ಲದ ಒಂದು ಸಂಗತಿ ಇದೆ. ಆ ಸಂಗತಿ ಗ್ರೂಪ್‌ನಲ್ಲಿದ್ದ ಎಲ್ಲರಿಗೂ ತಿಳಿಯಿತು. ತಿಳಿಯಬೇಕಾದವರೊಬ್ಬರಿಗೆ ಮಾತ್ರ ‘ಸರಿ ಸರ್’ ಸಿಕ್ಕಿತು.

ಮೊದಲನೆಯದನ್ನೇ ನೋಡೋಣ. ಅವರಿಗೆ ಲೆಕ್ಕ ಬರಲ್ವಾ ಎಂದು ಕೇಳಿದ್ದೀರಿ. ನಿಮ್ಮ ಪತ್ರದಲ್ಲಿರುವ ಅಂಕಿಗಳನ್ನೇ ಇಟ್ಟುಕೊಂಡು ನಾನು ಕೂಡಿಸಿ ನೋಡಿದೆ. ಶಾಖೆಗೆ ಮೂರರಂತೆ ಮೂರು ಶಾಖೆಗೆ ಒಂಬತ್ತು ದಿನ, ಪರಿಶೀಲನೆಗೆ ಒಂದು, ಒಟ್ಟು ಹತ್ತು. ನೀವಿಬ್ಬರು, ಐದು ದಿನ. ಅದೂ ಹತ್ತೇ! ಅಂದರೆ ನಿಮ್ಮ ಮ್ಯಾನೇಜರ್ ಲೆಕ್ಕ ಹಾಕಿಯೇ ಮಾತು ಕೊಟ್ಟಿರಬಹುದು, ಮತ್ತು ಆ ಲೆಕ್ಕ ಕಾಗದದ ಮೇಲೆ ಸರಿಯಾಗಿಯೇ ಇದೆ. ನೀವು ಹೋಗಿ ‘ಇದು ಆಗದ ಕೆಲಸ’ ಎಂದಿದ್ದರೆ ಅವರು ಇದೇ ಹತ್ತನ್ನು ತೋರಿಸುತ್ತಿದ್ದರು. ನಿಮ್ಮ ಬಾಯಿ ಕಟ್ಟುತ್ತಿತ್ತು.

ತೊಂದರೆ ಇರುವುದು ದಿನಗಳ ಮೊತ್ತದಲ್ಲಿ ಅಲ್ಲ, ಕೆಲಸದ ಸರದಿಯಲ್ಲಿ. ಅದು ನಿಮ್ಮ ಎರಡನೇ ಮೆಸೇಜ್‌ನಲ್ಲಿದೆ. ಡೇಟಾ ಸರಿಪಡಿಸದೆ ಕೋಷ್ಟಕ ಹಾಕುವ ಹಾಗಿಲ್ಲ. ಕೋಷ್ಟಕ ಇಲ್ಲದೆ ಬರೆಯುವ ಹಾಗಿಲ್ಲ. ಬರೆದು ಮುಗಿಯದೆ ಪರಿಶೀಲನೆ ಇಲ್ಲ. ಸೋಮವಾರದಿಂದ ಬುಧವಾರದವರೆಗೆ ನೀವಿಬ್ಬರೂ ಒಂದೊಂದು ಶಾಖೆ ಹಿಡಿದರೆ ಎರಡು ಶಾಖೆ ಮುಗಿಯಿತು. ಗುರುವಾರ ಬೆಳಿಗ್ಗೆ ಒಬ್ಬರದನ್ನು ಇನ್ನೊಬ್ಬರು ನೋಡಬಹುದು. ಮಧ್ಯಾಹ್ನ ಮೂರನೇ ಶಾಖೆಯ ಫೈಲ್ ಬರುತ್ತದೆ. ಅದನ್ನು ಸರಿಪಡಿಸಲು ಒಂದು ದಿನ. ಒಂದೇ ಶೀಟ್‌ನಲ್ಲಿ ಇಬ್ಬರು ಕೈಯಾಡಿಸಿದರೆ ಒಬ್ಬರು ತಿದ್ದಿದ್ದನ್ನು ಇನ್ನೊಬ್ಬರು ಮತ್ತೆ ತಿದ್ದುತ್ತಾರೆ, ಹಾಗಾಗಿ ಇಲ್ಲಿ ಎರಡನೆಯವರಿಂದ ಹೆಚ್ಚು ಸಹಾಯ ಆಗದು. ಅಲ್ಲಿಗೆ ಶುಕ್ರವಾರ ಮಧ್ಯಾಹ್ನ. ಸಂಜೆಯೊಳಗೆ ಇಬ್ಬರೂ ಸೇರಿ ಕೋಷ್ಟಕ ಮುಗಿಸಬಹುದು. ಬರೆಯುವುದೂ ಪರಿಶೀಲಿಸುವುದೂ ಸೋಮವಾರಕ್ಕೆ ಉಳಿಯುತ್ತದೆ.

‘ಇನ್ನೂ ಇಬ್ಬರನ್ನ ಕೊಡ್ತೀನಿ’ ಎಂದು ಮ್ಯಾನೇಜರ್ ಹೇಳಿದರೆ? ಗುರುವಾರ ಮಧ್ಯಾಹ್ನದ ತನಕ ಇಲ್ಲದ ಡೇಟಾವನ್ನು ನಾಲ್ಕು ಜನ ಕಾದರೂ ಅಷ್ಟೇ, ಇಬ್ಬರು ಕಾದರೂ ಅಷ್ಟೇ. ತಡವಾದ ಸಾಫ್ಟ್‌ವೇರ್ ಕೆಲಸಕ್ಕೆ ಜನ ಸೇರಿಸಿದರೆ ಅದು ಇನ್ನಷ್ಟು ತಡವಾಗುತ್ತದೆ ಎಂದು ಕಂಪ್ಯೂಟರ್ ವಿಜ್ಞಾನಿ ಫ್ರೆಡ್ ಬ್ರೂಕ್ಸ್ 1975ರಲ್ಲೇ ಬರೆದಿದ್ದರು. ಹೊಸಬರಿಗೆ ಹೇಳಿಕೊಡುವವರು ಹಳಬರೇ ತಾನೇ. ನಿಮ್ಮದು ಸಾಫ್ಟ್‌ವೇರ್ ಅಲ್ಲದಿರಬಹುದು, ಪಾಡು ಮಾತ್ರ ಅದೇ.

ಈಗ ಎಷ್ಟು ಸಮಯ ಕೇಳಬೇಕು ಅನ್ನುವ ಪ್ರಶ್ನೆ. ಲೆಕ್ಕದ ಪ್ರಕಾರ ಸೋಮವಾರ ಸಂಜೆ. ನನ್ನ ಸಲಹೆ, ಮಂಗಳವಾರ ಸಂಜೆ ಕೇಳಿ. ಇದು ಸುಮ್ನೆ ಒಂದು ದಿನ ಉಬ್ಬಿಸುವುದಲ್ಲ. ನಮ್ಮ ಅಂದಾಜುಗಳೂ ಮ್ಯಾನೇಜರ್‌ಗಳ ಅಂದಾಜಿನಷ್ಟೇ ಪೊಳ್ಳು. ಬ್ಯೂಲರ್, ಗ್ರಿಫಿನ್, ರಾಸ್ ಎಂಬ ಮೂವರು ಮನಶ್ಶಾಸ್ತ್ರಜ್ಞರು 1994ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳನ್ನು ‘ಎಷ್ಟು ದಿನದಲ್ಲಿ ಮುಗಿಸುತ್ತೀರಿ’ ಎಂದು ಕೇಳಿದ್ದರು. ಸರಾಸರಿ 34 ದಿನ ಎಂದರು. ‘ಎಲ್ಲವೂ ಕೆಟ್ಟು ಕೂತರೆ?’ ಎಂದಾಗ 49 ದಿನ ಎಂದರು. ನಿಜವಾಗಿ ಹಿಡಿದದ್ದು 55 ದಿನಕ್ಕೂ ಹೆಚ್ಚು! ಯಾರೂ ಒತ್ತಡ ಹಾಕಿರಲಿಲ್ಲ, ಹೇಳಿದ್ದು ತಮ್ಮದೇ ಕೆಲಸದ ಬಗ್ಗೆ. ಹಾಗಾಗಿ ಅಂದಾಜು ಹಾಕುವಾಗ ಮನಸ್ಸಿಗೆ ತೋಚಿದ ದಿನಕ್ಕಿಂತ ಹಿಂದಿನ ವರದಿಗೆ ನಿಜವಾಗಿ ಹಿಡಿದ ದಿನವನ್ನು ನಂಬಿ. ಹಳೆಯ ಫೈಲ್‌ಗಳ ತಾರೀಕು ನೋಡಿದರೆ ಸಿಗುತ್ತದೆ. ಒಂದು ಸಲ ದಿನ ಕೇಳಿ ಪಡೆದು, ಆ ದಿನವೂ ತಪ್ಪಿ, ಮತ್ತೆ ಕೇಳುವ ಪಾಡು ಬೇಡ. ಎರಡನೇ ಸಲ ನಿಮ್ಮ ಲೆಕ್ಕವನ್ನು ಯಾರೂ ನಂಬುವುದಿಲ್ಲ.

ಮೂರನೇ ಮೆಸೇಜ್ ನಿಮ್ಮ ಬಳಿ ಇರುವ ಅತ್ಯಂತ ಗಟ್ಟಿ ಕಾರಣ. ಅದನ್ನು ‘ಮಾನ ಹೋಗ್ಲಿ ಬಿಡಿ’ ಎಂದು ಹಾಳುಮಾಡಿಕೊಂಡಿದ್ದೀರಿ. ತಪ್ಪು ಕೋಷ್ಟಕ ಹೋದರೆ ಕ್ಲೈಂಟ್ ಮುಂದೆ ನಿಲ್ಲಬೇಕಾದವರು ನಿಮ್ಮ ಮ್ಯಾನೇಜರೇ. ನಿಮಗೆ ಸುಸ್ತಾಗುತ್ತದೆ ಅನ್ನುವುದು ನಿಜ, ಆದರೆ ಕೊಟ್ಟ ಮಾತು ಬದಲಿಸಲು ಅದು ಅವರಿಗೆ ಕಾರಣವಾಗಿ ಕಾಣದೇ ಇರಬಹುದು. ವರದಿಯನ್ನು ವಾಪಸ್ ಕರೆಸಿ ತಿದ್ದಿದ ಪ್ರತಿ ಕಳಿಸುವ ಪೇಚು ಖಂಡಿತ ಕಾಣುತ್ತದೆ.

ಇಷ್ಟನ್ನು ಇಟ್ಟುಕೊಂಡು ಆ ಸೋಮವಾರ ಮಧ್ಯಾಹ್ನ ಹೋಗಬೇಕಿದ್ದ ಮೆಸೇಜ್ ಹೀಗಿರಬಹುದಿತ್ತು:

“ಸರ್, ಬೆಳಿಗ್ಗೆ ಹೇಳಿದ ವರದಿಯ ಬಗ್ಗೆ. ಆಗ ಸರಿ ಎಂದಿದ್ದೆ, ಆಮೇಲೆ ಕೂತು ದಿನ ಹಂಚಿ ನೋಡಿದೆ. ಮೊದಲ ಎರಡು ಶಾಖೆಗಳ ಭಾಗ ಪರಿಶೀಲನೆಯೂ ಆಗಿ ಗುರುವಾರ ಮಧ್ಯಾಹ್ನಕ್ಕೆ ಸಿದ್ಧವಿರುತ್ತದೆ. ಮೂರನೇ ಶಾಖೆಯ ಡೇಟಾ ಸಿಗುವುದೇ ಗುರುವಾರ ಮಧ್ಯಾಹ್ನ. ಅಲ್ಲಿಂದ ಇಬ್ಬರೂ ಕೂತರೆ ಶುಕ್ರವಾರ ಸಂಜೆಗೆ ಅದರ ಕೋಷ್ಟಕಗಳು ಆಗುತ್ತವೆ. ವಿವರಣೆ ಬರೆಯಲು, ಪರಿಶೀಲಿಸಲು ಸಮಯ ಉಳಿಯುವುದಿಲ್ಲ. ಹಿಂದೆ ಪರಿಶೀಲಿಸದೆ ಕಳಿಸಿದಾಗ ತಪ್ಪು ಹೋಗಿತ್ತು, ಈ ಸಲ ಅದಾಗಬಾರದು.

ಎರಡು ದಾರಿ ಇದೆ. ಒಂದು, ಶುಕ್ರವಾರ ಎರಡು ಶಾಖೆಗಳ ಪೂರ್ತಿ ಭಾಗ ಕೊಡೋಣ, ಮಂಗಳವಾರ ಸಂಜೆ ಮೂರನೆಯದೂ ಸೇರಿದ ಇಡೀ ವರದಿ. ಎರಡು, ಶುಕ್ರವಾರವೇ ಮೂರೂ ಇರಬೇಕೆಂದರೆ ಮೂರನೆಯದರ ಕೋಷ್ಟಕಗಳನ್ನು ‘ಕರಡು’ ಎಂದು ಗುರುತಿಸಿ ಕೊಡೋಣ, ಉಳಿದದ್ದು ಮಂಗಳವಾರ. ನನಗೆ ಮೊದಲನೆಯದೇ ಒಳ್ಳೆಯದು ಅನಿಸುತ್ತದೆ. ಮೂರನೇ ಶಾಖೆಯವರು ಡೇಟಾ ಬುಧವಾರ ಬೆಳಿಗ್ಗೆಯೇ ಕೊಡುವಂತೆ ನೀವೊಂದು ಮಾತು ಹೇಳಿದರೆ ಮಂಗಳವಾರವನ್ನು ಇನ್ನೂ ಮುಂಚೆ ತರಲು ಆಗಬಹುದು. ಯಾವುದು ಮಾಡೋಣ, ನಾಳೆ ಬೆಳಿಗ್ಗೆಯೊಳಗೆ ತಿಳಿಸಿದರೆ ಹಾಗೆಯೇ ಕೆಲಸ ಹಂಚಿಕೊಳ್ಳುತ್ತೇವೆ.”

ಇದರಲ್ಲಿ ‘ಕ್ಷಮಿಸಿ’ ಇಲ್ಲ, ‘ದಯವಿಟ್ಟು ಅರ್ಥಮಾಡಿಕೊಳ್ಳಿ’ ಇಲ್ಲ. ಬೇಕೆಂದೇ ಬಿಟ್ಟಿದ್ದೇನೆ. ನೀವು ಉಪಕಾರ ಕೇಳುತ್ತಿಲ್ಲವಲ್ಲ. ಗೌರವ ಇರುವುದು ನಿರ್ಧಾರವನ್ನು ಅವರ ಕೈಗೇ ಬಿಟ್ಟಿದ್ದರಲ್ಲಿ. ಶುಕ್ರವಾರ ಏನು ಸಿಗುತ್ತದೆ ಅನ್ನುವುದು ಏನು ಸಿಗುವುದಿಲ್ಲ ಅನ್ನುವುದಕ್ಕಿಂತ ಮೊದಲು ಬಂದಿದೆ, ಗಮನಿಸಿ. ಕ್ಲೈಂಟ್‌ಗೆ ಫೋನ್ ಮಾಡುವಾಗ ಅವರಿಗೆ ಹೇಳಲು ಒಂದು ಒಳ್ಳೆಯ ಸಾಲು ಬೇಕಲ್ವಾ?

ಸಾಧ್ಯವಾದರೆ ಮೊದಲು ಹೋಗಿ ಎರಡು ನಿಮಿಷ ಮಾತಾಡಿ, ಆಮೇಲೆ ಇದನ್ನು ಕಳಿಸಿ. ಮಾತಾಡುವಾಗ ಒಂದು ಪ್ರಶ್ನೆ ಮರೆಯಬೇಡಿ: ಶುಕ್ರವಾರ ವರದಿ ಯಾರ ಕೈಗೆ ಹೋಗುತ್ತದೆ, ಅವರು ಅದರಿಂದ ಏನು ಮಾಡುತ್ತಾರೆ? ಸೋಮವಾರದ ಯಾವುದೋ ಮೀಟಿಂಗ್‌ಗೆ ಎರಡು ಪುಟದ ಮುಖ್ಯಾಂಶ ಸಾಕು ಅನ್ನುವುದು ಎಷ್ಟೋ ಸಲ ಇಲ್ಲಿ ಹೊರಬೀಳುತ್ತದೆ. ಕಾನೂನಿನ ಗಡುವು, ಟೆಂಡರ್‌ನ ಕೊನೆಯ ದಿನ ಎಂದು ಗೊತ್ತಾದರೆ ದಿನದ ಮಾತು ಅಲ್ಲಿಗೇ ಬಿಡಿ. ಏನನ್ನು ಕಡಿಮೆ ಮಾಡಬಹುದು ಎಂಬುದನ್ನಷ್ಟೇ ಚರ್ಚಿಸಿ.

ಇಷ್ಟಾದರೂ ‘ನನಗದೆಲ್ಲ ಗೊತ್ತಿಲ್ಲ, ಶುಕ್ರವಾರ ಎಲ್ಲ ಬೇಕು’ ಎಂದರೆ? ಅನ್ನುವವರು ಇದ್ದಾರೆ. ಆಗ ವಾದ ಬೇಡ. “ಸರಿ ಸರ್, ಹಾಗಾದರೆ ಮೂರನೇ ಶಾಖೆಯ ಭಾಗ ಪರಿಶೀಲನೆ ಇಲ್ಲದೆ ಹೋಗುತ್ತದೆ, ವಿವರಣೆ ಚುಟುಕಾಗಿರುತ್ತದೆ. ಇದನ್ನು ವರದಿಯ ಮೊದಲ ಪುಟದಲ್ಲಿ ಹಾಕಲಾ?” ಎಂದು ಬರೆದು ಕೇಳಿ. ಆ ಸಾಲು ನೋಡಿದ ಮೇಲೆ ಕೆಲವರು ಮನಸ್ಸು ಬದಲಿಸುತ್ತಾರೆ. ಬದಲಿಸದಿದ್ದರೂ ಏನು ಬಿಟ್ಟುಹೋಯಿತು ಎಂಬುದು ಇಬ್ಬರಿಗೂ ಮೊದಲೇ ತಿಳಿದಿರುತ್ತದೆ.

ಹೊತ್ತಿನ ಬಗ್ಗೆ ಒಂದು ಮಾತು. ಇದೇ ಮೆಸೇಜ್ ಸೋಮವಾರ ಹೋದರೆ ಯೋಜನೆ, ಗುರುವಾರ ಸಂಜೆ ಹೋದರೆ ನೆಪ. ಸೋಮವಾರ ಅವರು ಕ್ಲೈಂಟ್‌ಗೆ ಫೋನ್ ಮಾಡಬಹುದು, ಮೂರನೇ ಶಾಖೆಯವರನ್ನು ಅವಸರಪಡಿಸಬಹುದು. ಗುರುವಾರ ಅವರ ಕೈಯಲ್ಲಿ ಏನೂ ಉಳಿದಿರುವುದಿಲ್ಲ, ಸಿಟ್ಟು ಮಾಡುವುದೊಂದು ಬಿಟ್ಟು.

ಗ್ರೂಪ್‌ನಲ್ಲಿ ಬರೆದದ್ದಕ್ಕೆ ತಲೆ ಕೆಡಿಸಿಕೊಳ್ಳಬೇಡಿ, ಎಲ್ಲರೂ ಬರೆಯುತ್ತಾರೆ. ಆದರೆ ಕಂಪನಿಯ ಚಾಟ್‌ನಲ್ಲಿ ಬರೆದದ್ದನ್ನು ಕಂಪನಿ ಓದಬಹುದು, ಸ್ಕ್ರೀನ್‌ಶಾಟ್‌ಗೆ ಕಾಲಿದೆ. ಸಿಟ್ಟು ಬಂದಾಗ ಬರೆಯಿರಿ, ಯಾರಿಗೂ ಹೋಗದ ಕಡೆ ಬರೆಯಿರಿ. ಆಮೇಲೆ ಅದರಲ್ಲಿ ದಿನ, ಫೈಲ್, ಸಂಖ್ಯೆ ಇರುವ ಸಾಲುಗಳಿಗೆ ಗುರುತು ಹಾಕಿ. ಮ್ಯಾನೇಜರ್‌ಗೆ ಬೇಕಾದ ಮೆಸೇಜ್ ಆ ಸಾಲುಗಳಲ್ಲೇ ಇರುತ್ತದೆ.

ನಾಲ್ಕನೇ ಮೆಸೇಜ್ ಮಾತ್ರ ನಾನು ಎಲ್ಲೂ ಬಳಸಲಿಲ್ಲ. ಅದು ಸುಳ್ಳು ಅಂತಲ್ಲ. ಈ ವರದಿಗೆ ಸಂಬಂಧಿಸಿದ್ದಲ್ಲ ಅದು, ಪ್ರತಿ ವರದಿಗೂ ಸಂಬಂಧಿಸಿದ್ದು. ಗಡುವಿನ ಮೆಸೇಜ್‌ಗೆ ಅದನ್ನು ಸೇರಿಸಿದರೆ ಉತ್ತರ ಬರುವುದು ಅದೊಂದಕ್ಕೇ. ಮುಂದಿನ ವರದಿ ಶುರುವಾಗುವ ಎರಡು ವಾರ ಮೊದಲೇ ಬೇರೆಯಾಗಿ ಹೋಗಿ ಕೇಳಿ: “ಸರ್, ಈ ಸಲ ಕ್ಲೈಂಟ್‌ಗೆ ದಿನ ಹೇಳುವ ಮೊದಲು ಮೂರೂ ಶಾಖೆಯ ಡೇಟಾ ಯಾವತ್ತು ಬರುತ್ತೆ ಅಂತ ವಿಚಾರಿಸಿ ನಾನು ನಿಮಗೆ ತಿಳಿಸಲಾ?”